ಒಂದೇ ಗೀಸರ್, ಮೂರು ದನಿ

ದೀಪಾವಳಿಗೆ ಎರಡು ವಾರ ಇರುವಾಗ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮುಂದೆ ಬಾಳೆಕಂದು ಬರುವ ಮೊದಲೇ ಜಾಹೀರಾತು ಬಂದಿರುತ್ತದೆ. ಬೆಳಗಿನ ಪತ್ರಿಕೆಯ ಮಡಿಕೆಯಿಂದ ನಾಲ್ಕು ಕರಪತ್ರ ಜಾರಿ ಬೀಳುತ್ತವೆ. ನಾಲ್ಕರಲ್ಲೂ ‘ಭರ್ಜರಿ’, ‘ಬಂಪರ್’, ‘ಹಿಂದೆಂದೂ ಕಂಡರಿಯದ’ ಎಂಬ ಮಾತುಗಳೇ ಇರುತ್ತವೆ. ನಾಲ್ಕರ ಮೇಲಿನ ಅಂಗಡಿಯ ಹೆಸರನ್ನು ಕತ್ತರಿಸಿ ಅದಲುಬದಲು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ದುಡ್ಡು ಕೊಟ್ಟು ಅಚ್ಚು ಹಾಕಿಸಿದ ಅಂಗಡಿಗೆ ಇದು ನಷ್ಟ. ಓದುವವರಿಗೆ ಇನ್ನೂ ದೊಡ್ಡ ನಷ್ಟ, ಏಕೆಂದರೆ ಅವರು ತಿಳಿಯಬೇಕಾದ ಒಂದು ಸಂಗತಿಯೂ ಅಲ್ಲಿರುವುದಿಲ್ಲ.

ಕನ್ನಡದಲ್ಲಿ ಇದನ್ನು ಬೇರೆ ರೀತಿ ಬರೆಯಲು ಸಾಧ್ಯ. ಒಂದೇ ಮಾರಾಟವನ್ನು ಮನೆಯವರು ಮಾತಾಡುವ ಆಪ್ತ ದನಿಯಲ್ಲಿ ಹೇಳಬಹುದು, ಲೆಕ್ಕ ಒಪ್ಪಿಸುವ ನೇರ ದನಿಯಲ್ಲಿ ಹೇಳಬಹುದು, ನಗಿಸುತ್ತ ಕೂಡ ಹೇಳಬಹುದು. ಜಾಹೀರಾತು ಬರೆಯುವವರು ಅಂಗಡಿಯವರ ಮುಂದೆ ಸಾಮಾನ್ಯವಾಗಿ ಮೂರು ಮಾದರಿಗಳನ್ನು ಇಡುವುದೂ ಇದಕ್ಕೇ. ಆದರೆ ಆ ಮೂರರಲ್ಲಿ ಯಾವುದು ಎಲ್ಲಿಗೆ ಹೊಂದುತ್ತದೆ, ದನಿ ಬದಲಾದಾಗ ಏನು ಬದಲಾಗಬಾರದು ಎಂಬುದು ಒಂದು ಉದಾಹರಣೆಯನ್ನು ಪೂರ್ತಿ ಬರೆದು ನೋಡಿದಾಗಲೇ ತಿಳಿಯುವುದು.

ಶಿವಮೊಗ್ಗದಲ್ಲಿ ಒಂದು ಅಂಗಡಿ ಇದೆ ಎಂದು ಇಟ್ಟುಕೊಳ್ಳೋಣ. ಫ್ರಿಜ್, ವಾಷಿಂಗ್ ಮಷೀನ್, ಟಿವಿ, ಮಿಕ್ಸಿ ಎಲ್ಲವೂ ಅಲ್ಲಿವೆ. ಆದರೆ ದೀಪಾವಳಿಯ ಜಾಹೀರಾತಿಗೆ ಅದರ ಮಾಲೀಕರು ಆರಿಸಿಕೊಂಡದ್ದು ಗೀಸರ್. ಈ ಆಯ್ಕೆಯಲ್ಲೇ ಅರ್ಧ ಜಾಹೀರಾತು ಇದೆ. ಮಲೆನಾಡಿಗೆ ದೀಪಾವಳಿ ‘ದೊಡ್ಡ ಹಬ್ಬ’. ಅದು ಶುರುವಾಗುವುದೇ ಬಚ್ಚಲಮನೆಯಲ್ಲಿ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಕೆಮ್ಮಣ್ಣು-ಸುಣ್ಣದಲ್ಲಿ ಚಿತ್ತಾರ ಬರೆದು, ಕೊರಳಿಗೆ ಹಾಗಲಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಮರುದಿನ ಬೆಳಕು ಹರಿಯುವ ಮುಂಚೆ ಎಣ್ಣೆ ಹಚ್ಚಿಕೊಂಡು ಅಭ್ಯಂಜನ ಮಾಡುತ್ತಾರೆ. ಬಿಸಿನೀರಿನ ನೆನಪೇ ಹಬ್ಬದ ನೆನಪಾಗಿರುವ ಊರಿನಲ್ಲಿ ಗೀಸರಿಗೆ ಬೇರೆ ನೆಪ ಹುಡುಕಬೇಕಾಗಿಲ್ಲ. ಇದೇ ಅಂಗಡಿ ಆಯುಧಪೂಜೆಗೆ ಗೀಸರ್ ಮಾರಲು ಹೊರಟಿದ್ದರೆ ಹಬ್ಬಕ್ಕೂ ವಸ್ತುವಿಗೂ ಗಂಟು ಹಾಕಲು ಬರಹಗಾರ ಒದ್ದಾಡಬೇಕಾಗುತ್ತಿತ್ತು.

ಮೊದಲ ಸಾಲು ಬರೆಯುವ ಮೊದಲು ಮಾಲೀಕರನ್ನು ಕೂರಿಸಿಕೊಂಡು ಕೇಳಬೇಕಾದ ಪ್ರಶ್ನೆಗಳಿವೆ. ಯಾವ ಗೀಸರ್, ಎಷ್ಟು ಲೀಟರ್? ಪೆಟ್ಟಿಗೆಯ ಮೇಲೆ ಎಷ್ಟು ಬೆಲೆ, ಹಬ್ಬಕ್ಕೆ ಎಷ್ಟು? ಗೋದಾಮಿನಲ್ಲಿ ಎಷ್ಟಿವೆ? ಯಾವತ್ತಿನವರೆಗೆ ಈ ಬೆಲೆ? ಉಚಿತ ಎಂದದ್ದರಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕಾಗುತ್ತದೆ? ನಮ್ಮ ಉದಾಹರಣೆಯ ಉತ್ತರಗಳು ಹೀಗಿರಲಿ: 15 ಲೀಟರಿನ, 2,000 ವ್ಯಾಟಿನ ಗೀಸರ್. ಎಂಆರ್‌ಪಿ ₹9,990, ಹಬ್ಬದ ಬೆಲೆ ₹7,490. ಹಳೆಯ ಗೀಸರ್ ತಂದರೆ ಇನ್ನೂ ₹500 ಕಡಿಮೆ. ಗೋಡೆಗೆ ಕೂರಿಸಲು ಕೂಲಿ ಇಲ್ಲ, ಆದರೆ ಪೈಪಿನ ಸಾಮಾನಿಗೆ ₹450. ಇರುವುದು 60 ಗೀಸರ್. ಮಾರಾಟ ಅಕ್ಟೋಬರ್ 22, ಬಲಿಪಾಡ್ಯಮಿಯ ರಾತ್ರಿ 9 ಗಂಟೆಗೆ ಮುಗಿಯುತ್ತದೆ. ಕೊನೆಯದಾಗಿ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: ಹಬ್ಬದ ಹಿಂದಿನ ದಿನ ಕೊಂಡವರ ಮನೆಗೆ ಫಿಟ್ಟಿಂಗಿನವರು ಹಬ್ಬದೊಳಗೆ ಹೋಗುತ್ತಾರೆಯೇ? ಇಲ್ಲ, ಅವರು ಇಬ್ಬರೇ ಇದ್ದಾರೆ, 16ರೊಳಗೆ ಕೊಂಡವರಿಗೆ ಮಾತ್ರ ಖಾತ್ರಿ ಎಂದು ಮಾಲೀಕರು ಹೇಳುತ್ತಾರೆ. ಹೆಚ್ಚಿನ ಕರಪತ್ರಗಳಲ್ಲಿ ಕಾಣಸಿಗದ ಈ ಒಂದು ದಿನಾಂಕವೇ ಈ ಜಾಹೀರಾತಿನ ಜೀವಾಳ. ಹಬ್ಬಕ್ಕೆಂದು ತಂದ ಗೀಸರ್ ಹಬ್ಬದ ಬೆಳಗ್ಗೆ ಪೆಟ್ಟಿಗೆಯಲ್ಲೇ ಕೂತಿದ್ದರೆ ಆ ಮನೆಯವರು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ದಿನಾಂಕವನ್ನು ಹಬ್ಬದ ಹೆಸರಿನ ಜೊತೆಗೆ ಅಂಕಿಯಲ್ಲೂ ಬರೆಯಬೇಕು. ತಿಥಿ ಸೂರ್ಯೋದಯದ ಲೆಕ್ಕದಲ್ಲಿ ಹಿಂದೆಮುಂದೆ ಆಗುವುದರಿಂದ ‘ಹಬ್ಬದವರೆಗೆ’ ಎಂದರೆ ಒಂದು ಮನೆಗೆ ಒಂದು ದಿನ, ಇನ್ನೊಂದು ಮನೆಗೆ ಮತ್ತೊಂದು ದಿನ ಆಗಬಹುದು. 2025ರಲ್ಲಿ ರಾಜ್ಯದ ರಜಾಪಟ್ಟಿಯಂತೆ ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ, ಬಲಿಪಾಡ್ಯಮಿ 22ಕ್ಕೆ ಇತ್ತು. ನಮ್ಮ ಉದಾಹರಣೆಯಲ್ಲಿ ಇಟ್ಟುಕೊಂಡಿರುವುದೂ ಅವೇ ದಿನಗಳನ್ನು.

ಈಗ ಮೊದಲ ದನಿ. ಇದು ಕರಪತ್ರಕ್ಕೆ. ಕರಪತ್ರ ಮನೆಯೊಳಕ್ಕೆ ಹೋಗುತ್ತದೆ, ಅಡುಗೆಮನೆಯ ಕಟ್ಟೆಯ ಮೇಲೆ ಎರಡು ದಿನ ಇರುತ್ತದೆ, ಅತ್ತೆ ಓದಿ ಸೊಸೆಗೆ ಕೊಡುತ್ತಾರೆ. ಓದಲು ಅವರಿಗೆ ಪುರುಸೊತ್ತು ಇದೆ.

“ಹಂಡೆ ಬೆಳಗಿದ್ದಾಯಿತು. ಕೆಮ್ಮಣ್ಣು ಬಳಿದದ್ದಾಯಿತು. ಹಿತ್ತಲಿನ ಹಾಗಲಬಳ್ಳಿಯೂ ಬಂತು.
ನೀರು ತುಂಬುವ ಹಬ್ಬ ಹಂಡೆಯದೇ. ಅದರಲ್ಲಿ ಎರಡು ಮಾತಿಲ್ಲ.
ಹಬ್ಬ ಮುಗಿದ ಮರುದಿನ ಮಕ್ಕಳಿಗೆ ಶಾಲೆ, ನಿಮಗೆ ಮತ್ತೆ ಬೆಳಗಿನ ಐದು ಗಂಟೆ. ಹಸಿ ಸೌದೆ, ಹೊಗೆ, ಊದುಕೊಳವೆ. ಆ ಕೆಲಸವನ್ನು ಈ ವರ್ಷ ಬಿಟ್ಟುಬಿಡಿ.
ದೊಡ್ಡ ಹಬ್ಬಕ್ಕೆ ಬಚ್ಚಲಿಗೊಂದು ಗೀಸರ್. 15 ಲೀಟರ್, ₹7,490.
ಅಕ್ಟೋಬರ್ 16ರೊಳಗೆ ಕೊಂಡರೆ ಹಬ್ಬಕ್ಕೆ ಮುಂಚೆ ನಾವೇ ಬಂದು ಕೂರಿಸಿ ಹೋಗುತ್ತೇವೆ. ಕೂಲಿ ಬೇಡ, ಪೈಪಿನ ಸಾಮಾನಿಗೆ ₹450 ಮಾತ್ರ. ಈ ಬೆಲೆಗೆ 60 ಗೀಸರ್ ಇವೆ, ಅಕ್ಟೋಬರ್ 22ರ ರಾತ್ರಿ 9ರವರೆಗೆ.”

ಇಲ್ಲಿ ಕೆಲಸ ಮಾಡುತ್ತಿರುವುದು ಎರಡನೆಯ ಸಾಲು. ‘ಹಳೆಯ ಹಂಡೆಯನ್ನು ಬಿಸಾಡಿ, ಹೊಸ ಗೀಸರ್ ತನ್ನಿ’ ಎಂದು ಬರೆದಿದ್ದರೆ ಅತ್ತೆ ಅಲ್ಲಿಗೇ ಕರಪತ್ರ ಮಡಚಿಡುತ್ತಿದ್ದರು. ಆ ಹಂಡೆ ಅವರ ಅತ್ತೆಯ ಕಾಲದ್ದಿರಬಹುದು, ಅದಕ್ಕೆ ಪೂಜೆಯಿದೆ. ಆದ್ದರಿಂದ ಜಾಹೀರಾತು ಹಬ್ಬವನ್ನು ಹಂಡೆಗೇ ಬಿಟ್ಟುಕೊಟ್ಟು ಉಳಿದ ದಿನಗಳನ್ನು ಗೀಸರಿಗೆ ಕೇಳುತ್ತದೆ. ಆಪ್ತ ದನಿ ಎಂದರೆ ‘ಪ್ರೀತಿ’, ‘ಬಾಂಧವ್ಯ’, ‘ಸಂಭ್ರಮ’ ಎಂಬ ಶಬ್ದಗಳನ್ನು ಸುರಿಯುವುದಲ್ಲ. ಮೇಲಿನ ಬರಹದಲ್ಲಿ ಆ ಮೂರರಲ್ಲಿ ಒಂದೂ ಇಲ್ಲ. ಊದುಕೊಳವೆ ಹಿಡಿದು ಕಣ್ಣುರಿಸಿಕೊಂಡವರಿಗೆ ಆ ಒಂದು ವಸ್ತುವಿನ ಹೆಸರು ಸಾಕು.

ಈ ದನಿ ಕೆಡುವುದು ಬೇರೆ ಭಾಷೆಯಲ್ಲಿ ಬರೆದದ್ದನ್ನು ಕನ್ನಡಕ್ಕೆ ತಂದಾಗ. ‘ಈ ದೀಪಾವಳಿ, ನಿಮ್ಮ ಮನೆಗೆ ತನ್ನಿ ಸಂತೋಷದ ಉಷ್ಣತೆ’ ಎಂಬಂಥ ಸಾಲನ್ನು ನೋಡದ ಕನ್ನಡಿಗರಿಲ್ಲ. ಕನ್ನಡದಲ್ಲಿ ಯಾರೂ ‘ಈ ದೀಪಾವಳಿ’ ಎಂದು ನಿಲ್ಲಿಸುವುದಿಲ್ಲ. ‘ದೀಪಾವಳಿಗೆ’, ‘ಈ ಸಲದ ಹಬ್ಬಕ್ಕೆ’ ಎನ್ನುತ್ತಾರೆ. ವಿಭಕ್ತಿ ಬಿದ್ದುಹೋದ ಕೂಡಲೇ ಮಾತಾಡುತ್ತಿರುವವರು ಮನೆಯವರಲ್ಲ, ಹೊರಗಿನವರು ಎಂದು ಓದುಗರ ಕಿವಿಗೆ ತಿಳಿದುಬಿಡುತ್ತದೆ. ಆಪ್ತತೆಗೆ ಅಲ್ಲಿಗೇ ಕೊನೆ.

ಎರಡನೆಯ ದನಿ ಪತ್ರಿಕೆಯ ಪುಟಕ್ಕೆ. ಪತ್ರಿಕೆಯಲ್ಲಿ ಜಾಗವನ್ನು ಕಾಲಂ-ಸೆಂಟಿಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಸೆಂಟಿಮೀಟರ್ ಎತ್ತರ ಹೆಚ್ಚಾದರೂ ದುಡ್ಡು. ಪಕ್ಕದಲ್ಲೇ ಇನ್ನೆರಡು ಅಂಗಡಿಗಳ ಜಾಹೀರಾತು ಇರುತ್ತದೆ. ಓದುವವರು ಪೆನ್ನು ಹಿಡಿದು ಹೋಲಿಸುವವರು. ಅವರ ಮುಂದೆ ಹಾಗಲಬಳ್ಳಿಯ ಮಾತು ಬೇಡ.

“15 ಲೀಟರ್ ಗೀಸರ್ ₹7,490.
ಪೆಟ್ಟಿಗೆಯ ಮೇಲಿರುವ ಬೆಲೆ ₹9,990. ನಿಮಗೆ ಉಳಿಯುವುದು ₹2,500.
ಒಂದು ಸಲ ಕಾದರೆ ಸ್ನಾನದ ಹದಕ್ಕೆ ಎರಡು ಬಕೆಟ್ ನೀರು. ಕಾಯಲು ಸುಮಾರು 20 ನಿಮಿಷ.
ಕೂರಿಸಲು ಕೂಲಿ ಇಲ್ಲ. ಪೈಪಿನ ಸಾಮಾನಿಗೆ ₹450.
ಹಳೆಯ ಗೀಸರ್ ತಂದರೆ ಇನ್ನೂ ₹500 ಕಡಿಮೆ, ಕೆಟ್ಟಿದ್ದರೂ ಸರಿ.
ಹಬ್ಬದ ಮುಂಚೆ ಫಿಟ್ಟಿಂಗ್ ಬೇಕೆಂದರೆ ಅ. 16ರೊಳಗೆ ಬನ್ನಿ.
ಇರುವುದು 60. ಅ. 22ರ ರಾತ್ರಿ 9ರವರೆಗೆ.”

ಇದರಲ್ಲಿ ಹೊಗಳುವ ಒಂದೂ ವಿಶೇಷಣವಿಲ್ಲ. ಆದರೂ ಮೂರರಲ್ಲಿ ಬರೆಯಲು ಅತಿ ಕಷ್ಟದ್ದು ಇದೇ, ಏಕೆಂದರೆ ಪ್ರತಿ ಸಾಲಿನ ಹಿಂದೆ ಒಂದು ಲೆಕ್ಕ ನಿಲ್ಲಬೇಕು. ‘ಎರಡು ಬಕೆಟ್’ ಎಂಬುದನ್ನೇ ನೋಡಿ. ಗೀಸರ್ ಪೆಟ್ಟಿಗೆಯ ಮೇಲೆ 15 ಲೀಟರ್ ಎಂದಿರುತ್ತದೆ, ಆದರೆ ಮೀಯುವವರಿಗೆ ಗೊತ್ತಿರುವುದು ಬಕೆಟ್ಟು. ಗೀಸರಿನೊಳಗೆ ನೀರು ಸುಮಾರು 60 ಡಿಗ್ರಿಗೆ ಕಾದಿರುತ್ತದೆ. ಅದನ್ನು ನೇರ ಮೈಮೇಲೆ ಹಾಕಿಕೊಳ್ಳುವಂತಿಲ್ಲ. 25 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಯ ಹದಕ್ಕೆ ತಂದರೆ ಆ 15 ಲೀಟರು ಸುಮಾರು 35 ಲೀಟರ್ ಆಗುತ್ತದೆ. ಮಧ್ಯಮ ಗಾತ್ರದ ಎರಡು ಬಕೆಟ್. 2,000 ವ್ಯಾಟಿನ ಕಾಯಿಲ್ ಆ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು 18 ನಿಮಿಷದಷ್ಟು ಬೇಕು, ಸುಮಾರು ಮುಕ್ಕಾಲಿಗಿಂತ ಕಡಿಮೆ, 0.6 ಯೂನಿಟ್ ವಿದ್ಯುತ್ ಬೇಕು. ವೋಲ್ಟೇಜ್ ಕಡಿಮೆಯಿದ್ದರೆ ಇನ್ನಷ್ಟು ಹೊತ್ತು. ಆದ್ದರಿಂದ ‘ಕ್ಷಣಾರ್ಧದಲ್ಲಿ ಬಿಸಿನೀರು’ ಎಂದು ಬರೆದರೆ ಅದು ಸುಳ್ಳು. ‘ಸುಮಾರು 20 ನಿಮಿಷ’ ಎಂದರೆ ನಿಜ, ಜೊತೆಗೆ ಓದುಗರಿಗೆ ಉಪಯೋಗ. ಎಣ್ಣೆಸ್ನಾನದ ದಿನ ಒಬ್ಬೊಬ್ಬರಿಗೆ ಎರಡು ಬಕೆಟ್ಟಾದರೂ ಬೇಕು ಎಂದುಕೊಂಡರೆ, ನಾಲ್ಕು ಜನರ ಮನೆಯವರು ಎಷ್ಟು ಹೊತ್ತು ಕಾಯಬೇಕು ಎಂದು ಅವರೇ ಲೆಕ್ಕ ಹಾಕಿ, ಬೇಕಿದ್ದರೆ 25 ಲೀಟರಿನದ್ದು ಕೇಳುತ್ತಾರೆ. ಅಂಗಡಿಯವರಿಗೆ ಅದರಿಂದ ನಷ್ಟವೇನೂ ಇಲ್ಲ.

ನೇರ ದನಿಯಲ್ಲಿ ತಪ್ಪುವುದೂ ಸುಲಭ. ಗೀಸರಿನ ಮೇಲಿನ ಸ್ಟಾರ್ ಗುರುತನ್ನು ತೋರಿಸಿ ‘5 ಸ್ಟಾರ್, ಬೇಗ ಕಾಯುತ್ತದೆ’ ಎಂದು ಬರೆಯುವವರಿದ್ದಾರೆ. ನೀರು ತುಂಬಿಡುವ ಗೀಸರಿನ ಸ್ಟಾರ್ ಹೇಳುವುದು ಬೇರೆಯೇ ಸಂಗತಿ: ಒಮ್ಮೆ ಕಾಯಿಸಿದ ನೀರು ಸುಮ್ಮನೆ ನಿಂತಾಗ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದು. ಸ್ಟಾರ್ ಹೆಚ್ಚಿದ್ದರೆ ತೊಟ್ಟಿಯ ಸುತ್ತಲ ಹೊದಿಕೆ ಚೆನ್ನಾಗಿದೆ, ಬೆಳಗ್ಗೆ ಕಾಯಿಸಿದ ನೀರು ಹೆಚ್ಚು ಹೊತ್ತು ಬಿಸಿ ಇರುತ್ತದೆ. ಬೇಗ ಕಾಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ 2025ರ ದೀಪಾವಳಿಯಲ್ಲಿ ಎದ್ದಿತ್ತು. ಆ ವರ್ಷದ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಎ.ಸಿ., ಪಾತ್ರೆ ತೊಳೆಯುವ ಯಂತ್ರ, 32 ಇಂಚಿಗಿಂತ ದೊಡ್ಡ ಟಿವಿ – ಇವುಗಳ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಆದರೆ ಫ್ರಿಜ್, ವಾಷಿಂಗ್ ಮಷೀನ್, ಮಿಕ್ಸಿ, ಗೀಸರ್ 2018ರ ಜುಲೈಯಿಂದಲೇ ಶೇ 18ರಲ್ಲಿದ್ದವು. ಅವಕ್ಕೆ ಹೊಸದಾಗಿ ಇಳಿದದ್ದು ಏನೂ ಇಲ್ಲ. ಹಾಗಿರುವಾಗ ಗೀಸರಿನ ಚಿತ್ರದ ಮೇಲೆ ‘ಜಿಎಸ್‌ಟಿ ಇಳಿಕೆಯ ಲಾಭ’ ಎಂದು ಬರೆಯುವುದು ಓದುಗರನ್ನು ದಾರಿ ತಪ್ಪಿಸಿದಂತೆ. ತೆರಿಗೆ ನಿಜವಾಗಿ ಇಳಿದ ವಸ್ತುವಿಗೂ ‘ಬೆಲೆಯಲ್ಲಿ ಶೇ 10 ಕಡಿಮೆ’ ಎಂದರೆ ಲೆಕ್ಕ ಕೂಡುವುದಿಲ್ಲ. ತೆರಿಗೆಯಿಲ್ಲದೆ ₹100 ಇದ್ದದ್ದು ಮೊದಲು ₹128 ಆಗುತ್ತಿತ್ತು, ಈಗ ₹118 ಆಗುತ್ತದೆ. 128ರಲ್ಲಿ 10 ಎಂದರೆ ಶೇ 8ಕ್ಕೂ ಸ್ವಲ್ಪ ಕಡಿಮೆ.

ಇನ್ನೂ ಒಂದು ಆಸೆಯನ್ನು ಕರ್ನಾಟಕದ ಬರಹಗಾರ ಗಟ್ಟಿಯಾಗಿ ತಡೆಯಬೇಕು. ‘ಗೃಹಜ್ಯೋತಿ ಇದೆ, ಗೀಸರ್ ಹಾಕಿಸಿದರೂ ಕರೆಂಟ್ ಬಿಲ್ ಸೊನ್ನೆ’ ಎಂಬ ಸಾಲು ಚೆಂದ ಕಾಣುತ್ತದೆ, ಆದರೆ ಎಲ್ಲ ಮನೆಗೂ ಹೊಂದುವುದಿಲ್ಲ. ಆ ಯೋಜನೆಯಲ್ಲಿ 200 ಯೂನಿಟ್ ಎಂಬುದು ಮೇಲ್ಮಿತಿ. ಒಂದೊಂದು ಮನೆಗೆ ಸಿಗುವ ಉಚಿತ ಯೂನಿಟ್ ಆ ಮನೆಯ ಹಿಂದಿನ ಬಳಕೆಯ ಸರಾಸರಿಯ ಮೇಲೆ ನಿಂತಿದೆ. ದಿನಕ್ಕೆ ಎರಡು ಸಲ ಗೀಸರ್ ಹಾಕುವ ಮನೆಯಲ್ಲಿ ತಿಂಗಳಿಗೆ 35 ಯೂನಿಟ್ ಹೆಚ್ಚುತ್ತದೆ. ಒಟ್ಟು ಬಳಕೆ ಆ ಮನೆಗೆ ಸಿಗುವ ಉಚಿತ ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ.

ಮೂರನೆಯ ದನಿ ಎಫ್‌ಎಂ ರೇಡಿಯೊಗೆ. ಅಲ್ಲಿ ಕೇಳುವವರ ಕೈಯಲ್ಲಿ ಪೆನ್ನಿಲ್ಲ. ಅವರು ಆಟೊ ಓಡಿಸುತ್ತಿರುತ್ತಾರೆ, ಅಂಗಡಿಯಲ್ಲಿ ಗಿರಾಕಿಗೆ ತೂಕ ಹಾಕುತ್ತಿರುತ್ತಾರೆ. ಸಿಗುವುದು 30 ಸೆಕೆಂಡ್. ಕನ್ನಡದ ಪದಗಳು ಪ್ರತ್ಯಯ ಸೇರಿ ಉದ್ದವಾಗುವುದರಿಂದ ಉಸಿರು ಕಟ್ಟದೆ ಓದಲು ಆ ಹೊತ್ತಿಗೆ ಐವತ್ತು, ಅರವತ್ತು ಪದವೇ ಮಿತಿ. ಒಂದು ಬೆಲೆ, ಒಂದು ದಿನಾಂಕ, ಅಂಗಡಿಯ ಜಾಗ – ಇದಕ್ಕಿಂತ ಹೆಚ್ಚು ನೆನಪಿನಲ್ಲಿ ನಿಲ್ಲುವುದಿಲ್ಲ. ಮದುವೆಯಾದ ಮೊದಲ ದೀಪಾವಳಿಗೆ ಅಳಿಯನನ್ನು ಮನೆಗೆ ಕರೆಯುವ ಪದ್ಧತಿ ಇಲ್ಲಿ ಕೈಹಿಡಿಯುತ್ತದೆ.

“ಅಳಿಯ (ಬಚ್ಚಲಿನಿಂದ): ಮಾವಾ, ನೀರು ತಣ್ಣಗಿದೆ!
ಮಾವ (ಕೆಮ್ಮುತ್ತ): ಬಂತು ಬಂತು ಅಳಿಯಂದ್ರೇ, ಸೌದೆ ಹಸಿ!
ಅಳಿಯ: ಎಣ್ಣೆ ಕಣ್ಣಿಗಿಳೀತಾ ಇದೆ ಮಾವಾ!
ಅತ್ತೆ: ಹೋದ ವಾರನೇ ಹೇಳಿದ್ನಲ್ರೀ, ಅಳಿಯಂದ್ರು ಬರೋದ್ರೊಳಗೆ ಗೀಸರ್ ತನ್ನಿ ಅಂತ!
ನಿರೂಪಕಿ: ಹದಿನೈದು ಲೀಟರ್ ಗೀಸರ್, ಏಳೂವರೆ ಸಾವಿರಕ್ಕೆ ಹತ್ತು ರೂಪಾಯಿ ಕಡಿಮೆ. ಪೈಪಿನ ಸಾಮಾನಿಗೆ ನಾನೂರೈವತ್ತು. ಇರೋದು ಅರವತ್ತೇ. ಅಕ್ಟೋಬರ್ ಹದಿನಾರರೊಳಗೆ ಬನ್ನಿ, ಹಬ್ಬದ ಮುಂಚೆ ಕೂರಿಸಿಕೊಡ್ತೀವಿ. ನೆಹರೂ ರಸ್ತೆ, ಶಿವಮೊಗ್ಗ.
ಅಳಿಯ: ಮಾವಾ...?”

ಇಲ್ಲಿ ಬೆಲೆ ಹೇಳಿದ ರೀತಿ ಗಮನಿಸಬೇಕು. ‘ಏಳು ಸಾವಿರದ ನಾನೂರ ತೊಂಬತ್ತು’ ಎಂಬುದು ಕಿವಿಗೆ ಬಿದ್ದು ಅಲ್ಲೇ ಕರಗುತ್ತದೆ. ‘ಏಳೂವರೆ ಸಾವಿರಕ್ಕೆ ಹತ್ತು ರೂಪಾಯಿ ಕಡಿಮೆ’ ಎಂಬುದು ಸಂತೆಯ ಮಾತು. ಕೇಳಿದವರು ಮನೆಗೆ ಹೋಗಿ ಅದನ್ನು ಹಾಗೆಯೇ ಹೇಳಬಲ್ಲರು. ಮಾವ ಅಳಿಯನಿಗೆ ‘ಅಳಿಯಂದ್ರೇ’ ಎನ್ನುವುದೂ ಬೇಕೆಂದೇ ಇಟ್ಟದ್ದು. ಮೊದಲ ಹಬ್ಬದ ಅಳಿಯನಿಗೆ ಏಕವಚನ ಹಾಕಿದರೆ ನಗು ಬರುವ ಬದಲು ಕೇಳುಗರಿಗೆ ಇರಿಸುಮುರಿಸಾಗುತ್ತದೆ. ಈ ನಗು ಯಾರನ್ನೂ ಕೀಳು ಮಾಡುವುದಿಲ್ಲ. ಹೆಂಡತಿ ಖರ್ಚಿಯವಳು, ಗಂಡ ಜಿಪುಣ ಎಂಬ ಸವಕಲು ಹಾಸ್ಯವನ್ನು ಹಬ್ಬದ ಜಾಹೀರಾತುಗಳು ಇನ್ನಾದರೂ ಬಿಡಬೇಕು. ಗೀಸರ್ ತೆಗೆದುಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುವುದು ಎಷ್ಟೋ ಮನೆಗಳಲ್ಲಿ ಆ ಹೆಂಡತಿಯೇ.

ಇದೇ ಸಂಭಾಷಣೆಯನ್ನು ಹುಬ್ಬಳ್ಳಿಗೆ ಒಯ್ದರೆ ‘ನೀರು ತಣ್ಣಗ ಅದಾವ್ರಿ ಮಾವಾರ’ ಎಂದು ಶುರುವಾಗಬೇಕು. ಅದನ್ನು ಹುಬ್ಬಳ್ಳಿಯವರೇ ಬರೆದು, ಹುಬ್ಬಳ್ಳಿಯವರೇ ಓದಬೇಕು. ಬೆಂಗಳೂರಿನ ಕಲಾವಿದರ ಬಾಯಲ್ಲಿ ಕ್ರಿಯಾಪದದ ಕೊನೆಯನ್ನಷ್ಟೇ ಬದಲಿಸಿದ ಉತ್ತರ ಕರ್ನಾಟಕದ ಮಾತು ಅಲ್ಲಿನವರಿಗೆ ಅಣಕದಂತೆ ಕೇಳುತ್ತದೆ. ದನಿ ಮಾಡಿಸುವುದಕ್ಕೆ ಅಷ್ಟು ಖರ್ಚಿಲ್ಲದಿದ್ದರೆ ಎಲ್ಲರಿಗೂ ಅರ್ಥವಾಗುವ ಸರಳ ಕನ್ನಡದಲ್ಲಿ ಬೆಲೆ ಹೇಳಿ ಮುಗಿಸುವುದೇ ಮೇಲು.

ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಬೆಲೆ, ಪೈಪಿನ ಸಾಮಾನಿನ ಖರ್ಚು, ದಾಸ್ತಾನು, 16ರ ಗಡುವು ಎಲ್ಲೂ ಬದಲಾಗಿಲ್ಲ. ರೇಡಿಯೊದಲ್ಲಿ ಹಳೆಯ ಗೀಸರಿನ ಮಾತನ್ನು ಬಿಡಬಹುದು, ಅದು ಗಿರಾಕಿಗೆ ಲಾಭದ ಸಂಗತಿ. ಅಂಗಡಿಗೆ ಬಂದಾಗ ತಿಳಿದರೆ ಖುಷಿಯೇ ಆಗುತ್ತದೆ. ₹450 ಅನ್ನು ಬಿಡುವಂತಿಲ್ಲ, ಅದು ಗಿರಾಕಿಯ ಜೇಬಿನಿಂದ ಹೋಗುವ ಸಂಗತಿ. ನಗಿಸುವ ಜಾಹೀರಾತಿನಲ್ಲಿ ಮುಚ್ಚಿಟ್ಟದ್ದನ್ನು ಪತ್ರಿಕೆಯ ಜಾಹೀರಾತಿನಲ್ಲಿ ಬರೆದಿದ್ದೇವೆ ಎಂದು ಗಲ್ಲಾಪೆಟ್ಟಿಗೆಯ ಮುಂದೆ ಹೇಳುವ ಅಂಗಡಿಯನ್ನು ಯಾರೂ ನಂಬುವುದಿಲ್ಲ.

ನಂಬಿಕೆಯ ಮಾತು ಹಾಗಿರಲಿ, ಕಾನೂನೂ ಇದನ್ನೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಗಿರಾಕಿಯನ್ನು ಸೆಳೆಯಲು ಕಡಿಮೆ ಬೆಲೆ ತೋರಿಸಿದರೆ ಆ ಬೆಲೆಗೆ ಕೊಡುವಷ್ಟು ಸರಕು ಇರಬೇಕು, ಮಿತಿಯಿದ್ದರೆ ಹೇಳಬೇಕು. ನಾಲ್ಕೇ ಗೀಸರ್ ಇಟ್ಟುಕೊಂಡು ಊರಿಗೆಲ್ಲ ಡಂಗುರ ಸಾರುವಂತಿಲ್ಲ. ‘ಉಚಿತ’ ಎಂದಮೇಲೆ ತಲುಪಿಸುವಂಥ ಅನಿವಾರ್ಯ ಖರ್ಚು ಬಿಟ್ಟು ಬೇರೆ ದುಡ್ಡು ಕೇಳುವಂತಿಲ್ಲ. ಅದಕ್ಕೇ ಮೇಲಿನ ಮೂರರಲ್ಲಿ ‘ಉಚಿತ ಫಿಟ್ಟಿಂಗ್’ ಎಂಬ ಮಾತಿಲ್ಲ. ಕೂಲಿ ಇಲ್ಲ, ಸಾಮಾನಿಗೆ ಇಷ್ಟು ಎಂದು ಬಿಡಿಸಿ ಹೇಳಲಾಗಿದೆ. ಕನ್ನಡದ ಓದುಗರಿಗೆ ಅತಿ ಮುಖ್ಯವಾದ ನಿಯಮ ಮತ್ತೊಂದು: ಜಾಹೀರಾತಿನ ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತುಗಳೂ ಅದೇ ಭಾಷೆಯಲ್ಲಿರಬೇಕು. ಮೇಲೆ ದಪ್ಪ ಕನ್ನಡದಲ್ಲಿ ಕೊಡುಗೆ, ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಷರತ್ತು ಎಂಬುದು ನಿಯಮಕ್ಕೆ ವಿರುದ್ಧ. ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ ₹10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ ₹50 ಲಕ್ಷದವರೆಗೆ.

ಈ ‘ವರೆಗೆ’ ಎಂಬುದರ ಮೇಲೂ ಕಣ್ಣಿರಬೇಕು. ಕನ್ನಡದಲ್ಲಿ ಷರತ್ತು ಅಂಕಿಯ ಬೆನ್ನಿಗೆ ಪ್ರತ್ಯಯವಾಗಿ ಬರುತ್ತದೆ. ‘ಶೇ 50ರಷ್ಟು ರಿಯಾಯಿತಿ’ ಎಂದರೆ ಅರ್ಧ ಬೆಲೆ ಎಂದೇ ಅರ್ಥ. ‘ಶೇ 50ರವರೆಗೆ’ ಎಂದರೆ ಅಂಗಡಿಯ ಮೂಲೆಯಲ್ಲಿರುವ ಯಾವುದೋ ಹಳೆಯ ಮಿಕ್ಸಿಗೆ ಅರ್ಧ ಬೆಲೆ, ಗೀಸರಿಗೆ ಕಾಲು ಭಾಗ, ಫ್ರಿಜ್ಜಿಗೆ ಅದಕ್ಕೂ ಕಡಿಮೆ ಎಂದಾಗಬಹುದು. ಕರಪತ್ರ ಜೋಡಿಸುವವರು 50ನ್ನು ಅಂಗೈಯಗಲ ಮಾಡಿ ‘ರವರೆಗೆ’ಯನ್ನು ಕಣ್ಣಿಗೆ ಕಾಣದಷ್ಟು ಕುಗ್ಗಿಸಿದಾಗ ವಾಕ್ಯದ ಅರ್ಥವೇ ಬದಲಾಗುತ್ತದೆ. ಬರೆದವರು ಅಚ್ಚಿಗೆ ಹೋಗುವ ಮುನ್ನ ಕೊನೆಯ ಪ್ರತಿಯನ್ನು ನೋಡಲೇಬೇಕು. ‘₹6,000ದಿಂದ’ ಎಂಬಲ್ಲಿನ ‘ದಿಂದ’ಕ್ಕೂ ಇದೇ ಗತಿ ಬರುವುದುಂಟು.

ಕಂತಿನ ಕೊಡುಗೆಯನ್ನು ಮೂರು ಜಾಹೀರಾತಿನಲ್ಲೂ ಬಿಟ್ಟದ್ದಕ್ಕೆ ಕಾರಣವಿದೆ. ‘ಬಡ್ಡಿಯಿಲ್ಲದ ಕಂತು’ ಎಂಬುದನ್ನು ಮೂರು ಪದದಲ್ಲಿ ಪ್ರಾಮಾಣಿಕವಾಗಿ ಹೇಳಲು ಬರುವುದಿಲ್ಲ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಇಂದಿನ ಕಂತಿನ ಕೊಡುಗೆಗಳಲ್ಲಿ ಸಾಮಾನ್ಯವಾಗಿ ಬಡ್ಡಿಯಷ್ಟು ಮೊತ್ತವನ್ನು ಮಾರುವವರೋ ತಯಾರಕರೋ ರಿಯಾಯಿತಿಯಾಗಿ ತುಂಬಿಕೊಡುತ್ತಾರೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಅದರ ಜೊತೆಗೆ ಸಂಸ್ಕರಣಾ ಶುಲ್ಕ ಗಿರಾಕಿಗೆ ಬೀಳುವುದುಂಟು. ನಗದು ಕೊಟ್ಟವರಿಗೆ ಸಿಗುವ ಬೆಲೆ ಕಂತಿನವರಿಗೆ ಸಿಗದಿರಬಹುದು. ಇಷ್ಟನ್ನು ಹೇಳಲು ಜಾಗವಿದ್ದರೆ ಬರೆಯಬೇಕು, ಇಲ್ಲದಿದ್ದರೆ ‘ಕಂತಿನ ಸೌಲಭ್ಯವಿದೆ, ಅಂಗಡಿಯಲ್ಲಿ ಕೇಳಿ’ ಎಂದು ನಿಲ್ಲಿಸಬೇಕು.

ಮೂರರಲ್ಲಿ ಒಂದನ್ನೇ ಆರಿಸಿ ಎಂದು ಮಾಲೀಕರು ಕೇಳಿದರೆ, ಎರಡನೆಯದನ್ನು ಆರಿಸುವುದು ಸರಿ. ಆಪ್ತ ದನಿಗೆ ಹಬ್ಬವನ್ನು ಒಳಗಿನಿಂದ ಬಲ್ಲ ಬರಹಗಾರರು ಬೇಕು, ನಗಿಸುವ ದನಿಗೆ ಒಳ್ಳೆಯ ಕಲಾವಿದರು ಬೇಕು. ನೇರ ದನಿಗೆ ಬೇಕಾದದ್ದು ಅಂಗಡಿಯವರ ನಿಜ ಉತ್ತರಗಳು ಮಾತ್ರ. ಹಬ್ಬದ ಪುಟದಲ್ಲಿ ಎಲ್ಲರೂ ಕೂಗುತ್ತಿರುವಾಗ ಬೆಲೆ, ಬಕೆಟ್ಟು, ದಿನಾಂಕಗಳನ್ನು ಸಮಾಧಾನವಾಗಿ ಹೇಳುವ ಕನ್ನಡದ ಜಾಹೀರಾತು ಇವತ್ತಿಗೂ ಅಪರೂಪ. ಅಪರೂಪವಾದ್ದರಿಂದಲೇ ಅದು ಕಣ್ಣಿಗೆ ಬೀಳುತ್ತದೆ.

ಕೊಳ್ಳುವವರು ಮಾಡಬೇಕಾದ ಕೆಲಸ ಚಿಕ್ಕದು. ಹಬ್ಬದ ಖರೀದಿಗೆ ಹೊರಡುವಾಗ ಕರಪತ್ರವನ್ನೋ ಪತ್ರಿಕೆಯ ತುಣುಕನ್ನೋ ಜೊತೆಗೆ ಒಯ್ಯಿರಿ. ಅದರಲ್ಲಿ ಬರೆದ ಬೆಲೆ, ದಿನಾಂಕ, ಫಿಟ್ಟಿಂಗಿನ ಮಾತು ಬಿಲ್ಲಿನಲ್ಲೂ ಬಂದಿದೆಯೇ ನೋಡಿ, ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಇಟ್ಟುಕೊಳ್ಳಿ. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು.